ಹೊಸ ಕಂಪ್ಯೂಟರ್ ಬಂತು, ಬಿಲ್ಲಿಂಗ್ ನಿಂತಿತು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟು ಹತ್ತು ವರ್ಷ ಹಳೆಯದಾದ ಹೆಚ್ಚಿನ ಕಂಪ್ಯೂಟರ್‌ಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೀಗಾಗಿ ಗಲ್ಲಾಪೆಟ್ಟಿಗೆಯ ಪಕ್ಕ ವರ್ಷಗಟ್ಟಲೆ ಧೂಳು ತಿಂದ ಯಂತ್ರವನ್ನು ಬದಲಿಸುವ ಕೆಲಸ ಎಷ್ಟೋ ಅಂಗಡಿಗಳಲ್ಲಿ ನಡೆದಿದೆ. ಹೊಸದನ್ನು ತರುವುದು, ಜೋಡಿಸುವುದು ಅರ್ಧ ದಿನದ ಕೆಲಸ. ತೊಂದರೆ ಶುರುವಾಗುವುದು ಆಮೇಲೆ. ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯುತ್ತದೆ, ಆದರೆ ಬಿಲ್ ಹಾಕಲು ಬಿಡುವುದಿಲ್ಲ. ಬಿಟ್ಟರೂ ಹಳೆಯ ಲೆಕ್ಕ ಕಾಣುವುದಿಲ್ಲ. ಲೆಕ್ಕ ಕಂಡರೂ ಬಿಲ್ ಸರಿಯಾಗಿ ಅಚ್ಚಾಗುವುದಿಲ್ಲ.

ಈ ಮೂರೂ ಬೇರೆಬೇರೆ ತೊಂದರೆಗಳು. ಮೊದಲನೆಯದು ಲೈಸೆನ್ಸಿನದು, ಎರಡನೆಯದು ಡೇಟಾ ಇರುವ ಜಾಗದ್ದು, ಮೂರನೆಯದು ಪ್ರಿಂಟರಿನದು. ಒಂದು ಸರಿಹೋದರೆ ಇನ್ನೊಂದು ತಾನಾಗಿ ಸರಿಹೋಗದು. ಯಾವುದು ಕೆಟ್ಟಿದೆ ಎಂದು ತಿಳಿಯದೆ ಎಲ್ಲಕ್ಕೂ ಒಟ್ಟಿಗೆ ಕೈ ಹಾಕಿದರೆ, ಸುಲಭದಲ್ಲಿ ಮುಗಿಯಬಹುದಾದ ಕೆಲಸ ಲೆಕ್ಕವನ್ನೇ ಕೆಡಿಸಬಹುದು. ನಮ್ಮ ಅಂಗಡಿಗಳಲ್ಲಿ ತುಂಬ ಬಳಕೆಯಲ್ಲಿರುವ, ಬೆಂಗಳೂರಿನ ಕಂಪನಿಯೇ ತಯಾರಿಸುವ ಟ್ಯಾಲಿಪ್ರೈಮ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಮೆನುವಿನ ಹೆಸರು ಬೇರೆ ಇರುತ್ತದೆ, ತರ್ಕ ಇದೇ.

ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ

ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳೋಣ. ಸಿಮೆಂಟು, ಪೈಪು, ಬಣ್ಣ ಮಾರುವ ಅಂಗಡಿ. ಶನಿವಾರ ಸಂಜೆ ಹಳೆಯ ಕಂಪ್ಯೂಟರಿನಲ್ಲಿ ಹಾಕಿದ ಕೊನೆಯ ಬಿಲ್ಲಿನ ನಂಬರ್ HW/25-26/4318. ಭಾನುವಾರ ರಿಪೇರಿ ಹುಡುಗ ಬಂದು ಹೊಸ ಕಂಪ್ಯೂಟರ್ ಜೋಡಿಸಿ, ಸಿ ಡ್ರೈವಿನಲ್ಲಿದ್ದ ಟ್ಯಾಲಿ ಫೋಲ್ಡರುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸದಕ್ಕೆ ಇಳಿಸಿದ. "ಸಾವ್ಕಾರ್ರೆ, ಎಲ್ಲಾ ಕಾಪಿ ಮಾಡೀನಿ, ನಾಳೆಯಿಂದ ಇದ್ರಾಗೇ ಬಿಲ್ ಹಾಕ್ರಿ" ಎಂದು ಹೇಳಿ ಹೋದ.

ಸೋಮವಾರ ಬೆಳಿಗ್ಗೆ ಟ್ಯಾಲಿ ತೆರೆಯಿತು. ಅಂಗಡಿಯ ಹೆಸರೂ ಬಂತು. ಗುತ್ತಿಗೆದಾರರೊಬ್ಬರಿಗೆ ಬಿಲ್ ಹಾಕಲು ಹೋದರೆ ಆ ದಿನದ ತಾರೀಖನ್ನು ಅದು ಒಪ್ಪಲಿಲ್ಲ. 1ನೇ ತಾರೀಖು ಕೊಟ್ಟರೆ ಒಪ್ಪಿತು, ಆದರೆ ಬಿಲ್ ನಂಬರ್ 4319ರ ಬದಲು 1 ಎಂದು ತೋರಿಸಿತು. ಪರೀಕ್ಷೆಗೆಂದು ಅಚ್ಚು ಹಾಕಿದರೆ ಅಂಗಡಿಯ ಲಾಂಛನ ಇಲ್ಲದ, ಅಳತೆ ತಪ್ಪಿದ ಬಿಲ್ಲು ಉದ್ದನೆಯ ಖಾಲಿ ಕಾಗದದೊಂದಿಗೆ ಹೊರಬಂತು. ಮೂರು ಲಕ್ಷಣ, ಮೂರು ಕಾರಣ.

ಇಂಥ ಹೊತ್ತಿನಲ್ಲಿ ಗಿರಾಕಿಗಳು ನಿಂತಿರುತ್ತಾರೆ. "ಹೊಸ ಕಂಪನಿ ಮಾಡಿಬಿಡಿ, ಇವತ್ತಿನಿಂದ ಶುರು ಮಾಡೋಣ, ಹಳೆಯದನ್ನು ಆಮೇಲೆ ಸೇರಿಸೋಣ" ಎಂಬ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ಅದನ್ನು ಮಾತ್ರ ಕೇಳಬೇಡಿ. ಜಿಎಸ್‌ಟಿ ನಿಯಮದ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ಬಿಲ್ ನಂಬರ್ ಕ್ರಮವಾಗಿ ಸಾಗಬೇಕು, ಒಂದು ನಂಬರ್ ಎರಡು ಸಲ ಬರಬಾರದು. ಖಾಲಿ ಕಂಪನಿಯಲ್ಲಿ ನಂಬರ್ ಮತ್ತೆ 1ರಿಂದ ಹೊರಡುತ್ತದೆ. ಜಿಎಸ್‌ಟಿ ನಂಬರ್ ಇರುವ ಗುತ್ತಿಗೆದಾರರಿಗೆ ಏಪ್ರಿಲ್‌ನಲ್ಲಿ ಕೊಟ್ಟ ನಂಬರನ್ನೇ ಮತ್ತೆ ಕೊಟ್ಟರೆ ಜಿಎಸ್‌ಟಿಆರ್-1 ಸಲ್ಲಿಸುವಾಗ ಸಿಕ್ಕಿಬೀಳುತ್ತೀರಿ. ಅದಕ್ಕಿಂತ ಕಷ್ಟದ್ದೆಂದರೆ ದಾಸ್ತಾನು ಮತ್ತು ಉದ್ದರಿ ಎರಡು ಕಡೆ ಹರಿದು ಹಂಚಿಹೋಗುವುದು. ಅದನ್ನು ಮತ್ತೆ ಕೂಡಿಸಲು ಲೆಕ್ಕದವರಿಗೆ ವಾರಗಳೇ ಬೇಕು.

ಅಷ್ಟರಲ್ಲಿ ವ್ಯಾಪಾರ ನಡೆಯಬೇಕಲ್ಲ? ಅದಕ್ಕೆ ಕೈಬರಹದ ಬಿಲ್ ಪುಸ್ತಕ ಸಾಕು. ಒಂದಕ್ಕಿಂತ ಹೆಚ್ಚು ಸರಣಿಯಲ್ಲಿ ಬಿಲ್ ಕೊಡಲು ನಿಯಮ ಅವಕಾಶ ಕೊಟ್ಟಿದೆ. ನಂಬರ್ 16 ಅಕ್ಷರ ಮೀರಬಾರದು, ಅಷ್ಟೆ. ಹಾಗಾಗಿ M/25-26/1 ಎಂಬಂಥ ಬೇರೆ ಸರಣಿ ಹಿಡಿದು ಬರೆಯಿರಿ. ಸಾಫ್ಟ್‌ವೇರ್ ಸರಿಯಾದ ಮೇಲೆ ಅದೇ ನಂಬರಿನಲ್ಲಿ ಏರಿಸಿಕೊಳ್ಳಬಹುದು.

ಮೊದಲು ಲೈಸೆನ್ಸ್

ತಾರೀಖು ಒಪ್ಪದಿರುವುದು ಲೈಸೆನ್ಸಿನ ತೊಂದರೆಯ ಗುರುತು. ಲೈಸೆನ್ಸ್ ಸಿಗದಿದ್ದಾಗಲೂ ಟ್ಯಾಲಿಯನ್ನು ಕಲಿಕೆಯ ರೀತಿಯಲ್ಲಿ ತೆರೆಯಬಹುದು, ಅದನ್ನು Educational Mode ಎನ್ನುತ್ತಾರೆ. ಅದರಲ್ಲಿ ಹಳೆಯ ಲೆಕ್ಕ ನೋಡಬಹುದು, ಆದರೆ ಹೊಸ ನಮೂದು ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಸಾಧ್ಯ. ಪರದೆಯ ಮೇಲ್ಭಾಗದಲ್ಲಿ TallyPrime ಜೊತೆಗೆ EDU ಎಂದು ಬರೆದಿದ್ದರೆ ಅನುಮಾನವೇ ಬೇಡ. ಡೇಟಾಕ್ಕೆ ಏನೂ ಆಗಿಲ್ಲ, ಅನುಮತಿ ಮಾತ್ರ ಹಳೆಯ ಕಂಪ್ಯೂಟರಿನಲ್ಲೇ ಉಳಿದಿದೆ.

ಲೈಸೆನ್ಸ್ ಅಂಟಿಕೊಂಡಿರುವುದು ಯಂತ್ರಕ್ಕೆ. ಫೋಲ್ಡರ್ ಕಾಪಿ ಮಾಡಿದರೆ ಅದು ಜೊತೆಗೆ ಬರುವುದಿಲ್ಲ. ಹಳೆಯದರಲ್ಲಿ ಬಿಟ್ಟುಕೊಟ್ಟು ಹೊಸದರಲ್ಲಿ ಪಡೆಯಬೇಕು. ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಅದರಲ್ಲಿ ಇಂಟರ್‌ನೆಟ್ ಹಾಕಿ, ಟ್ಯಾಲಿ ತೆರೆದು, F1 ಒತ್ತಿ Settings, ಅದರೊಳಗೆ License, ಅಲ್ಲಿ Surrender ಎಂಬುದನ್ನು ಆರಿಸಿ. ನಂತರ ಹೊಸದರಲ್ಲಿ ಟ್ಯಾಲಿ ತೆರೆದಾಗ Reactivate ಆರಿಸಿ, ನೋಂದಾಯಿಸಿದ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ. ಸೀರಿಯಲ್ ನಂಬರ್ ಗೊತ್ತಿಲ್ಲದಿದ್ದರೆ ಹಳೆಯದರಲ್ಲಿ F1 ಒತ್ತಿ About ನೋಡಿದರೆ ಸಿಗುತ್ತದೆ. ಅದೇ ಪರದೆಯಲ್ಲಿ ರಿಲೀಸ್ ಯಾವುದು ಎಂಬುದೂ ಇರುತ್ತದೆ, ಎರಡನ್ನೂ ಬರೆದುಕೊಳ್ಳಿ.

ಇಲ್ಲಿ ಜನ ಸಿಕ್ಕಿಕೊಳ್ಳುವುದು ಎರಡು ಕಡೆ. ಒಂದು, ಇಮೇಲ್ ಯಾರದು ಎಂಬುದು. ಎಷ್ಟೋ ಅಂಗಡಿಗಳಲ್ಲಿ ಸಾಫ್ಟ್‌ವೇರ್ ಕೊಂಡ ದಿನ ಮಾರಾಟಗಾರನ ಇಮೇಲನ್ನೋ, ಕೆಲಸ ಬಿಟ್ಟು ಹೋದ ಲೆಕ್ಕದ ಹುಡುಗನ ಇಮೇಲನ್ನೋ ಕೊಟ್ಟಿರುತ್ತಾರೆ. ಹಣ ಕೊಟ್ಟವರು ಯಜಮಾನರು, ಕೀಲಿ ಇರುವುದು ಇನ್ಯಾರದೋ ಮೊಬೈಲಿನಲ್ಲಿ. ಕೊಂಡ ರಸೀದಿ ಮತ್ತು ಸೀರಿಯಲ್ ನಂಬರ್ ಹಿಡಿದು ಮಾರಾಟಗಾರರನ್ನು ಸಂಪರ್ಕಿಸಿ ಅದನ್ನು ನಿಮ್ಮ ಹೆಸರಿನ ಇಮೇಲಿಗೆ ಬದಲಿಸಿಕೊಳ್ಳಿ. ಹಳೆಯ ಕಂಪ್ಯೂಟರ್ ಸತ್ತೇಹೋಗಿದ್ದು ಬಿಟ್ಟುಕೊಡಲು ಆಗದಿದ್ದರೂ ಅವರನ್ನೇ ಕೇಳಬೇಕು.

ಎರಡನೆಯದು ರಿಲೀಸ್. ಲೈಸೆನ್ಸ್ ಶಾಶ್ವತವಾದರೂ, ಹೊಸ ರಿಲೀಸ್ ಬಳಸುವ ಹಕ್ಕು ವಾರ್ಷಿಕ ಚಂದಾ ಟಿಎಸ್‌ಎಸ್ ಚಾಲ್ತಿಯಲ್ಲಿದ್ದರೆ ಮಾತ್ರ. ಚಂದಾ ಎರಡು ವರ್ಷದ ಹಿಂದೆಯೇ ಮುಗಿದಿದ್ದು, ಹೊಸ ಕಂಪ್ಯೂಟರಿಗೆ ಇಂದಿನ ರಿಲೀಸ್ ಇಳಿಸಿದರೆ, ಸರಿಯಾದ ಇಮೇಲ್ ಕೊಟ್ಟರೂ ಪೂರ್ಣ ಬಳಕೆ ಸಿಗದು. ಆಗ ಚಂದಾ ನವೀಕರಿಸಬೇಕು, ಇಲ್ಲವೇ ಹಳೆಯದರಲ್ಲಿದ್ದ ರಿಲೀಸನ್ನೇ ಹಾಕಬೇಕು. ಹೊಸ ರಿಲೀಸ್ ಹಳೆಯ ಡೇಟಾವನ್ನು ತನ್ನ ರೀತಿಗೆ ಪರಿವರ್ತಿಸಿಕೊಂಡರೆ, ಅದು ಮತ್ತೆ ಹಳೆಯದರಲ್ಲಿ ತೆರೆಯದಿರಬಹುದು. ಆದ್ದರಿಂದ ಸಾಗಿಸುವ ದಿನವೇ ರಿಲೀಸ್ ಬದಲಿಸಬೇಡಿ. ಮೊದಲು ಹಳೆಯ ರಿಲೀಸಿನಲ್ಲೇ ಎಲ್ಲ ಸರಿ ಇದೆಯೆಂದು ನೋಡಿಕೊಂಡು ಆಮೇಲೆ ಬದಲಿಸಿ.

ಡೇಟಾ ಎಲ್ಲಿದೆ?

ದಾವಣಗೆರೆಯ ಅಂಗಡಿಗೆ ಲೈಸೆನ್ಸ್ ಸಿಕ್ಕಿತು ಎನ್ನೋಣ. ತಾರೀಖು ಈಗ ಒಪ್ಪುತ್ತದೆ. ಆದರೆ ಬಿಲ್ ನಂಬರ್ ಇನ್ನೂ 1 ಎಂದೇ ತೋರಿಸುತ್ತಿದೆ. ಟ್ಯಾಲಿಯ ಮೊದಲ ಪರದೆ Gateway of Tally ನಲ್ಲಿ ಕಂಪನಿಯ ಹೆಸರಿನ ಪಕ್ಕ ಕೊನೆಯ ನಮೂದಿನ ತಾರೀಖು ಇರುತ್ತದೆ. ನೋಡಿದರೆ ಅಲ್ಲಿ 31-Mar-23 ಎಂದಿದೆ. ಅಂದರೆ ತೆರೆದಿರುವುದು ಇದೇ ಅಂಗಡಿಯ ಲೆಕ್ಕವೇ, ಆದರೆ ಎರಡೂವರೆ ವರ್ಷ ಹಳೆಯದು.

ಇದು ಹೇಗಾಯಿತು? ಟ್ಯಾಲಿಪ್ರೈಮ್ ಸಾಮಾನ್ಯವಾಗಿ ಡೇಟಾವನ್ನು ಇಡುವುದು ಈ ಜಾಗದಲ್ಲಿ:

```
C:\Users\Public\TallyPrime\data
```

2023ರಲ್ಲಿ ಯಾರೋ ಜಾಣರು ವಿಂಡೋಸ್ ಕೆಟ್ಟರೂ ಲೆಕ್ಕ ಉಳಿಯಲಿ ಎಂದು ಡೇಟಾವನ್ನು ಡಿ ಡ್ರೈವಿನ `D:\TallyData` ಫೋಲ್ಡರಿಗೆ ಸಾಗಿಸಿದ್ದರು. ಒಳ್ಳೆಯ ಕೆಲಸವೇ. ಆದರೆ ಸಿ ಡ್ರೈವಿನಲ್ಲಿದ್ದ ಹಳೆಯ ಪ್ರತಿಯನ್ನು ಹಾಗೇ ಬಿಟ್ಟಿದ್ದರು. ರಿಪೇರಿ ಹುಡುಗ ಸಿ ಡ್ರೈವಿನಲ್ಲಿದ್ದ ಎಲ್ಲವನ್ನೂ ಕಾಪಿ ಮಾಡಿದ್ದು ನಿಜ. ನಿಜವಾದ ಲೆಕ್ಕ ಇದ್ದದ್ದು ಡಿಯಲ್ಲಿ. ಹೆಸರು ಒಂದೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಂಪನಿಯ ಹೆಸರೇ ಕಾಣದಿದ್ದರೆ ಜನ ಎಚ್ಚರವಾಗುತ್ತಾರೆ. ಹೆಸರು ಕಂಡು ಹಳೆಯ ಲೆಕ್ಕ ತೆರೆದಾಗಲೇ ಅಪಾಯ ಹೆಚ್ಚು.

ಸರಿಯಾದ ಜಾಗ ತಿಳಿಯಲು ಹಳೆಯ ಕಂಪ್ಯೂಟರನ್ನೇ ಕೇಳಬೇಕು. ಅದರಲ್ಲಿ ಟ್ಯಾಲಿ ತೆರೆದು ಕಂಪನಿ ಆರಿಸುವ ಪರದೆಗೆ ಹೋದರೆ, ಪಟ್ಟಿಯ ಜೊತೆಗೆ ಡೇಟಾ ಇರುವ ಜಾಗವೂ ಕಾಣುತ್ತದೆ. ಹಳೆಯದು ತೆರೆಯದಿದ್ದರೆ ಅದರ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ ಹೊಸದಕ್ಕೆ ಜೋಡಿಸಿ, ಟ್ಯಾಲಿಯ ಪ್ರೋಗ್ರಾಂ ಫೋಲ್ಡರಿನಲ್ಲಿ `tally.ini` ಎಂಬ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಬಹುದು. ಅದರಲ್ಲಿ ಡೇಟಾ ಜಾಗದ ಸಾಲು ಹೀಗಿರುತ್ತದೆ:

```
Data=D:\TallyData
```

ಆ ಜಾಗದೊಳಗೆ ಹೋದರೆ 10000, 100001 ಎಂಬಂತೆ ಅಂಕಿಗಳೇ ಹೆಸರಾದ ಫೋಲ್ಡರುಗಳು ಸಿಗುತ್ತವೆ. ಒಂದೊಂದು ಕಂಪನಿಗೆ ಒಂದೊಂದು ಫೋಲ್ಡರ್. ಎರಡೂ ಕಂಪ್ಯೂಟರುಗಳಲ್ಲಿ ಟ್ಯಾಲಿ ಮುಚ್ಚಿ, ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಟ್ಯಾಲಿ ತೆರೆದಿರುವಾಗ ಕಾಪಿ ಮಾಡಿದರೆ ಕೆಲವು ಫೈಲುಗಳು ಅರ್ಧಂಬರ್ಧ ಬರಬಹುದು. ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆರೆದು, ಒಟ್ಟು ಗಾತ್ರ ಮತ್ತು ಫೈಲುಗಳ ಸಂಖ್ಯೆ ತಾಳೆಯಾಗುತ್ತವೆಯೇ ನೋಡಿ.

ಹೊಸ ಕಂಪ್ಯೂಟರಿನಲ್ಲಿ ಎಲ್ಲಿಡಬೇಕು? ಎರಡು ಜಾಗಗಳಲ್ಲಿ ಬೇಡ. Program Files ಒಳಗೆ ಬೇಡ, ಏಕೆಂದರೆ ಅಲ್ಲಿ ಬರೆಯಲು ವಿಂಡೋಸ್ ಸಾಮಾನ್ಯ ಬಳಕೆದಾರರಿಗೆ ಬಿಡುವುದಿಲ್ಲ. ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಒಳಗೂ ಬೇಡ. ಹೊಸ ವಿಂಡೋಸ್ 11 ಕಂಪ್ಯೂಟರುಗಳಲ್ಲಿ ಈ ಎರಡೂ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಒನ್‌ಡ್ರೈವ್‌ಗೆ ಸೇರಿಕೊಂಡಿರುತ್ತವೆ. ನೀವು ಬಿಲ್ ಹಾಕುತ್ತಿರುವಾಗಲೇ ಅದು ಅದೇ ಫೈಲನ್ನು ಇಂಟರ್‌ನೆಟ್ಟಿಗೆ ಕಳುಹಿಸಲು ಎತ್ತಿಕೊಂಡರೆ ಟ್ಯಾಲಿ ಮುಗ್ಗರಿಸುತ್ತದೆ. `C:\TallyData` ಎಂದು ಬೇರೆಯೇ ಫೋಲ್ಡರ್ ಮಾಡಿ ಅಲ್ಲಿಡಿ. ನಂತರ ಟ್ಯಾಲಿಯಲ್ಲಿ ಕಂಪನಿ ಆರಿಸುವ ಪರದೆಯಲ್ಲಿ Specify Path ಆರಿಸಿ ಈ ಜಾಗ ತೋರಿಸಿ. ಹೊಸದಕ್ಕೆ ಬಂದಿರುವ 2023ರ ಪ್ರತಿಯನ್ನು ಅಳಿಸಬೇಡಿ, ಆದರೆ ಪಟ್ಟಿಯಲ್ಲಿ ಕಾಣದಂತೆ ಬೇರೆ ಹೆಸರಿನ ಫೋಲ್ಡರಿಗೆ ಸರಿಸಿಡಿ. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಅದನ್ನೇ ತೆರೆದು ಬಿಲ್ ಹಾಕುತ್ತಾರೆ.

ಕಂಪನಿಯ ಹೆಸರಿನ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆಗಳು ಕಂಡರೆ ಗಾಬರಿ ಬೇಡ. ಆ ಲೆಕ್ಕಕ್ಕೆ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದಾರೆ ಎಂದರ್ಥ. ಆದರೆ ಆ ಪಾಸ್‌ವರ್ಡ್ ಮರೆತರೆ ಲೆಕ್ಕ ತೆರೆಯುವ ದಾರಿ ಇಲ್ಲ. ಹಾಕಿದವರನ್ನು ಹುಡುಕಿ ಕೇಳಲೇಬೇಕು.

ಬೇರೆ ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಡೇಟಾವನ್ನು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಡುತ್ತವೆ. ಅಲ್ಲಿ ಜಾಗದ ಬದಲು `OLDPC\SQLEXPRESS` ಎಂಬಂತೆ ಕಂಪ್ಯೂಟರಿನ ಹೆಸರು ದಾಖಲಾಗಿರುತ್ತದೆ. ಹೊಸ ಕಂಪ್ಯೂಟರಿನ ಹೆಸರು ಬೇರೆ ಆದ್ದರಿಂದ ಸಾಫ್ಟ್‌ವೇರ್ ಇಲ್ಲದ ಯಂತ್ರವನ್ನು ಹುಡುಕುತ್ತಾ ನಿಲ್ಲುತ್ತದೆ. ಇಂಥವುಗಳಲ್ಲಿ ಫೈಲ್ ಕಾಪಿ ಮಾಡುವ ಸಾಹಸ ಬೇಡ. ಹಳೆಯದರಲ್ಲಿ ಸಾಫ್ಟ್‌ವೇರಿನದೇ ಬ್ಯಾಕಪ್ ತೆಗೆದು ಹೊಸದರಲ್ಲಿ ರಿಸ್ಟೋರ್ ಮಾಡುವುದೇ ಸರಿ.

ನಾಲ್ಕು ಅಂಕಿಗಳ ತಾಳೆ

ಸರಿಯಾದ ಲೆಕ್ಕವೇ ತೆರೆದಿದೆ ಎಂದು ಖಾತ್ರಿಪಡಿಸಿಕೊಳ್ಳಲು ನಾಲ್ಕು ಅಂಕಿಗಳು ಸಾಕು. ಕೊನೆಯ ಮಾರಾಟ ಬಿಲ್ಲಿನ ನಂಬರ್ ಮತ್ತು ಮೊತ್ತ, ಕೈಯಲ್ಲಿರುವ ನಗದು, ಗಿರಾಕಿಗಳಿಂದ ಬರಬೇಕಾದ ಒಟ್ಟು ಉದ್ದರಿ, ಮತ್ತು ಒಟ್ಟು ದಾಸ್ತಾನಿನ ಮೌಲ್ಯ. ಹಳೆಯ ಕಂಪ್ಯೂಟರಿನಲ್ಲಿ ಇವನ್ನು ಕಾಗದದ ಮೇಲೆ ಬರೆದುಕೊಂಡು ಹೊಸದರಲ್ಲಿ ಹೋಲಿಸಿ. ಎರಡೂ ಕಡೆ ಒಂದೇ ತಾರೀಖಿನವರೆಗಿನ ಲೆಕ್ಕ ತೆಗೆಯಬೇಕು. ನಾಲ್ಕೂ ಪೈಸೆಗೆ ಪೈಸೆ ಕೂಡಿದರೆ ಡೇಟಾ ಸರಿಯಾಗಿ ಬಂದಿದೆ. ಒಂದು ಕೂಡದಿದ್ದರೂ ಬಿಲ್ ಹಾಕಬೇಡಿ. ನಮ್ಮ ಅಂಗಡಿಯಲ್ಲಿ ಮುಂದಿನ ಬಿಲ್ 4319 ಎಂದು ತಾನಾಗಿ ಬಂದರೆ ಅರ್ಧ ಗೆದ್ದಂತೆ.

ಕೊನೆಗೆ ಪ್ರಿಂಟರ್

ಪ್ರಿಂಟರ್ ಕೆಟ್ಟಿತು ಎಂದು ಕೂಗುವ ಮೊದಲು ಮೂರು ಹಂತದ ಪರೀಕ್ಷೆ ಮಾಡಿ. ಮೊದಲು ಪ್ರಿಂಟರನ್ನೇ ಪರೀಕ್ಷಿಸಿ. ಹೆಚ್ಚಿನ ಥರ್ಮಲ್ ಪ್ರಿಂಟರುಗಳನ್ನು ಆರಿಸಿ, ಕಾಗದ ಮುಂದೆ ತಳ್ಳುವ FEED ಗುಂಡಿಯನ್ನು ಒತ್ತಿ ಹಿಡಿದು ಮತ್ತೆ ಚಾಲೂ ಮಾಡಿದರೆ ತಾನೇ ಒಂದು ಚೀಟಿ ಅಚ್ಚು ಹಾಕುತ್ತವೆ. ಅದು ಬಂದರೆ ಪ್ರಿಂಟರ್ ಗಟ್ಟಿಯಾಗಿದೆ. ಎರಡನೆಯದಾಗಿ ವಿಂಡೋಸ್‌ನ ಪ್ರಿಂಟರ್ ಪಟ್ಟಿಯಲ್ಲಿ ಅದನ್ನು ಆರಿಸಿ ಟೆಸ್ಟ್ ಪೇಜ್ ಕೊಡಿ. ಅದು ಬಾರದಿದ್ದರೆ ತಪ್ಪು ಡ್ರೈವರಿನದು ಅಥವಾ ಪೋರ್ಟಿನದು. ಎರಡೂ ಬಂದು ಬಿಲ್ ಮಾತ್ರ ಕೆಟ್ಟರೆ ತಪ್ಪು ಬಿಲ್ಲಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿದೆ.

ಪೋರ್ಟಿನ ತೊಂದರೆ ಹೀಗೆ: ಯುಎಸ್‌ಬಿ ತಂತಿಯನ್ನು ಒಂದು ಕಿಂಡಿಯಿಂದ ಇನ್ನೊಂದಕ್ಕೆ ಬದಲಿಸಿದರೆ ವಿಂಡೋಸ್ ಎಷ್ಟೋ ಸಲ ಅದನ್ನು ಹೊಸ ಪ್ರಿಂಟರ್ ಎಂದೇ ಭಾವಿಸಿ, ಹಳೆಯ ಹೆಸರಿನ ಪಕ್ಕ Copy 1 ಎಂದು ಸೇರಿಸಿ ಇನ್ನೊಂದನ್ನು ಹುಟ್ಟಿಸುತ್ತದೆ. ಟ್ಯಾಲಿ ಮಾತ್ರ ಹಳೆಯ ಹೆಸರಿಗೇ ಬಿಲ್ ಕಳುಹಿಸುತ್ತಾ ಕೂರುತ್ತದೆ. ಬೇಡದ್ದನ್ನು ತೆಗೆದುಹಾಕಿ, ತಂತಿಯನ್ನು ಒಂದೇ ಕಿಂಡಿಯಲ್ಲಿ ಇಡಿ. ಜೊತೆಗೆ ಪ್ರಿಂಟರ್ ಸೆಟ್ಟಿಂಗಿನಲ್ಲಿರುವ Let Windows manage my default printer ಎಂಬುದನ್ನು ಆರಿಸಿಬಿಡಿ. ಅದು ಚಾಲೂ ಇದ್ದರೆ ಕೊನೆಯ ಸಲ ಬಳಸಿದ ಪ್ರಿಂಟರೇ ಮುಖ್ಯವಾಗುತ್ತದೆ. ಬೆಳಿಗ್ಗೆ ಒಂದು ಪತ್ರವನ್ನು ಪಿಡಿಎಫ್ ಮಾಡಿದರೆ ಸಂಜೆಯ ಬಿಲ್ಲು ಕಾಗದದ ಮೇಲೆ ಬರುವ ಬದಲು ಫೈಲ್ ಉಳಿಸಲು ಹೆಸರು ಕೇಳುತ್ತದೆ.

ಖಾಲಿ ಕಾಗದ ಉದ್ದವಾಗಿ ಬರುವುದಕ್ಕೆ ಕಾರಣ ಕಾಗದದ ಅಳತೆ. ಹೊಸದಾಗಿ ಡ್ರೈವರ್ ಹಾಕಿದಾಗ ಅದು ಎ4 ಅಥವಾ 297 ಮಿಲಿಮೀಟರ್ ಉದ್ದದ ಹಾಳೆಯನ್ನು ಆರಿಸಿಕೊಂಡಿರಬಹುದು. ಆರು ಸಾಲಿನ ಬಿಲ್ಲಿಗೂ ಅಷ್ಟುದ್ದ ಕಾಗದ ಹೋಗುತ್ತದೆ. ಮೂರು ಇಂಚಿನ ರೋಲ್ 80 ಮಿಲಿಮೀಟರ್ ಅಗಲವಿದ್ದರೂ ಅಚ್ಚಾಗುವುದು ಸುಮಾರು 72 ಮಿಲಿಮೀಟರ್. ಎರಡು ಇಂಚಿನ 58 ಮಿಲಿಮೀಟರ್ ರೋಲಿನಲ್ಲಿ ಸುಮಾರು 48. ಡ್ರೈವರಿನಲ್ಲಿ ಇದಕ್ಕೆ ತಕ್ಕ ಅಳತೆ ಆರಿಸದಿದ್ದರೆ ಬಲಬದಿಯ ಮೊತ್ತದ ಅಂಕಿಗಳು ಕತ್ತರಿಸಿಹೋಗುತ್ತವೆ. ಇನ್ನು ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುವವರಿಗೆ ಬೇರೆಯೇ ಫಜೀತಿ. ಹೊಸ ಕಂಪ್ಯೂಟರುಗಳಲ್ಲಿ ಅದರ ದಪ್ಪ ತಂತಿಗೆ ಪ್ಯಾರಲಲ್ ಪೋರ್ಟೇ ಇರುವುದಿಲ್ಲ. ಪ್ರಿಂಟರಿನ ಹಿಂದೆ ಯುಎಸ್‌ಬಿ ಕಿಂಡಿ ಇದೆಯೇ ಎಂದು ಕಂಪ್ಯೂಟರ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಲಾಂಛನ ಮತ್ತು ಅಂಗಡಿಯ ವಿಶೇಷ ವಿನ್ಯಾಸ ಮಾಯವಾಗಿದ್ದರೆ ಪ್ರಿಂಟರಿನ ತಪ್ಪಲ್ಲ. ಅದು ಯಾರೋ ಬರೆದುಕೊಟ್ಟ ಟಿಡಿಎಲ್ ಫೈಲ್. ಸಾಮಾನ್ಯವಾಗಿ ಅದರ ಹೆಸರು `.tcp` ಅಥವಾ `.tdl` ಎಂದು ಕೊನೆಗೊಳ್ಳುತ್ತದೆ. ಹಳೆಯದರಲ್ಲಿ F1 ಒತ್ತಿ TDLs & Add-Ons ತೆರೆದರೆ ಅದು ಎಲ್ಲಿದೆ ಎಂದು ತಿಳಿಯುತ್ತದೆ. ಫೈಲನ್ನು ಹೊಸದಕ್ಕೆ ತಂದು, ಅದೇ ಪರದೆಯಲ್ಲಿ F4 ಒತ್ತಿ ಹೊಸ ಜಾಗವನ್ನು ತೋರಿಸಿದರೆ ಬಿಲ್ಲಿಗೆ ಹಳೆಯ ರೂಪ ಬರುತ್ತದೆ. ಕೆಲವು ಟಿಡಿಎಲ್‌ಗಳನ್ನು ಒಂದೇ ಸೀರಿಯಲ್ ನಂಬರಿಗೆ ಕಟ್ಟಿಹಾಕಿರುತ್ತಾರೆ. ಹಾಗಾಗಿ ಲೈಸೆನ್ಸ್ ಸರಿಯಾಗುವವರೆಗೆ ಅದೂ ನಡೆಯದು. ಲೈಸೆನ್ಸನ್ನು ಮೊದಲು ನೋಡಬೇಕು ಎನ್ನಲು ಇದೂ ಒಂದು ಕಾರಣ.

ಗೋಡೆಗೆ ಅಂಟಿಸಬಹುದಾದ ಪಟ್ಟಿ

ಹಳೆಯ ಕಂಪ್ಯೂಟರಿನಲ್ಲಿ:

1. ಸೀರಿಯಲ್ ನಂಬರ್, ರಿಲೀಸ್, ನೋಂದಾಯಿತ ಇಮೇಲ್ ಬರೆದುಕೊಳ್ಳಿ. ಆ ಇಮೇಲ್ ಈಗ ತೆರೆಯುತ್ತದೆಯೇ ನೋಡಿ.
2. ಡೇಟಾ ಇರುವ ಜಾಗ ಮತ್ತು ಟಿಡಿಎಲ್ ಫೈಲಿನ ಜಾಗ ಬರೆದುಕೊಳ್ಳಿ.
3. ನಾಲ್ಕು ಅಂಕಿಗಳನ್ನು ಬರೆದುಕೊಳ್ಳಿ.
4. ಪ್ರಿಂಟರಿನ ಹೆಸರು, ಕಾಗದದ ಅಳತೆ ಇರುವ ಪರದೆಗಳ ಫೋಟೋ ತೆಗೆಯಿರಿ.
5. ಬ್ಯಾಕಪ್ ತೆಗೆಯಿರಿ, ಟ್ಯಾಲಿ ಮುಚ್ಚಿ, ಡೇಟಾ ಫೋಲ್ಡರ್ ಇಡಿಯಾಗಿ ಕಾಪಿ ಮಾಡಿ.
6. ಕೊನೆಯಲ್ಲಿ ಟ್ಯಾಲಿ ತೆರೆದು ಲೈಸೆನ್ಸ್ ಬಿಟ್ಟುಕೊಡಿ.

ಹೊಸದರಲ್ಲಿ:

1. ಅದೇ ರಿಲೀಸ್ ಹಾಕಿ, ಲೈಸೆನ್ಸ್ ಪಡೆಯಿರಿ. EDU ಹೋಗಿದೆಯೇ ನೋಡಿ.
2. ಡೇಟಾದ ಜಾಗ ತೋರಿಸಿ, ಕೊನೆಯ ನಮೂದಿನ ತಾರೀಖು ನೋಡಿ.
3. ನಾಲ್ಕು ಅಂಕಿಗಳನ್ನು ತಾಳೆ ಮಾಡಿ.
4. ಪ್ರಿಂಟರಿನ ಮೂರು ಪರೀಕ್ಷೆ ಮುಗಿಸಿ, ಹಳೆಯ ಬಿಲ್ಲೊಂದನ್ನು ಮತ್ತೆ ಅಚ್ಚು ಹಾಕಿ ಹೋಲಿಸಿ.
5. ಆಮೇಲೆ ಮಾತ್ರ ಹೊಸ ಬಿಲ್.

ಈ ಕೆಲಸವನ್ನು ತಿಂಗಳ ಕೊನೆಯಲ್ಲೋ, ಹಬ್ಬದ ಹಿಂದಿನ ದಿನವೋ ಇಟ್ಟುಕೊಳ್ಳಬೇಡಿ. ವಾರದ ರಜೆಯ ದಿನ, ಮಾರಾಟಗಾರರ ಫೋನ್ ಸಿಗುವ ಹೊತ್ತಿನಲ್ಲಿ ಮಾಡಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಆದ್ದರಿಂದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಆತುರ ಬೇಡ. ಹೊಸದರ ಲೆಕ್ಕದಿಂದ ಒಂದು ಜಿಎಸ್‌ಟಿಆರ್-1 ಸಲ್ಲಿಸಿ, ನಿಮ್ಮ ಲೆಕ್ಕಪರಿಶೋಧಕರು ಸರಿಯಿದೆ ಎನ್ನುವವರೆಗೂ ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ. ಮಾರುವುದೇ ಆದರೆ ಹಾರ್ಡ್‌ಡಿಸ್ಕ್ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ.